ಪಿಡಿಎಫ್‌ನಿಂದ ಬಂದ ಕೋಷ್ಟಕ: ಖಾಲಿ ಸೆಲ್ ಎಲ್ಲಿತ್ತೆಂದು ಮೊತ್ತಗಳೇ ಹೇಳುತ್ತವೆ

ಪಿಡಿಎಫ್ ವರದಿಯೊಂದರ ಕೋಷ್ಟಕವನ್ನು ನಕಲಿಸಿ ಸ್ಪ್ರೆಡ್‌ಶೀಟ್‌ಗೆ ಅಂಟಿಸಿದಾಗ ಅದು ಚೆಲ್ಲಾಪಿಲ್ಲಿಯಾಗುವುದಕ್ಕೆ ಕಾರಣ, ಸಾಮಾನ್ಯ ಪಿಡಿಎಫ್‌ನೊಳಗೆ ಕೋಷ್ಟಕವೆಂಬುದೇ ಇರುವುದಿಲ್ಲ. ಪುಟದ ಯಾವ ಬಿಂದುವಿನಲ್ಲಿ ಯಾವ ಅಕ್ಷರಗಳನ್ನು ಮೂಡಿಸಬೇಕು ಎಂಬ ಆದೇಶಗಳಷ್ಟೇ ಅಲ್ಲಿರುತ್ತವೆ. ಒಂದು ಸಾಲಿನ ಎರಡು ಅಂಕಿಗಳು, ಸರಳಗೊಳಿಸಿ ತೋರಿಸಿದರೆ, ಹೀಗೆ ಕಾಣುತ್ತವೆ:

```
1 0 0 1 220 540 Tm (120) Tj
1 0 0 1 340 540 Tm (95) Tj
```

ಇಲ್ಲಿ 220 ಮತ್ತು 340 ಎಂಬುವು ಪುಟದ ಎಡ ಅಂಚಿನಿಂದ ಇರುವ ದೂರ, 540 ಎಂಬುದು ಕೆಳಗಿನಿಂದ ಇರುವ ಎತ್ತರ. ಸಾಮಾನ್ಯವಾಗಿ ಒಂದು ಮಾನವೆಂದರೆ ಅಂಗುಲದ 72ನೇ ಒಂದು ಭಾಗ. ಕಾಲಂಗಳು 60 ಮಾನಗಳ ಅಂತರದಲ್ಲಿದ್ದರೆ 280ರಲ್ಲಿ ಇನ್ನೊಂದು ಸೆಲ್ ಇರಬೇಕಿತ್ತು. ಆ ಸೆಲ್ ಖಾಲಿಯಾಗಿದ್ದರಿಂದ ಅದಕ್ಕೆ ಯಾವ ಆದೇಶವೂ ಇಲ್ಲ. ನಕಲಿಸುವಾಗ ತಂತ್ರಾಂಶವು ಸಿಕ್ಕ ಅಕ್ಷರಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತದೆ. ಹಾಗಾಗಿ 95 ಎಡಕ್ಕೆ ಜಾರಿ 120ರ ಪಕ್ಕದಲ್ಲಿ ಕೂರುತ್ತದೆ, ಅದರ ಹಿಂದಿನವೆಲ್ಲ ಅದನ್ನು ಹಿಂಬಾಲಿಸುತ್ತವೆ.

ನಾಲ್ಕು ಕಟ್ಟಡಗಳ ವಿದ್ಯುತ್ ಬಳಕೆಯನ್ನು ತ್ರೈಮಾಸಿಕವಾಗಿ ಕೊಡುವ ಒಂದು ಚಿಕ್ಕ ಕೋಷ್ಟಕವನ್ನು ಕಲ್ಪಿಸಿಕೊಳ್ಳೋಣ. A ಕಾಲಂನಲ್ಲಿ ಆವರಣದ ಹೆಸರು, Bಯಲ್ಲಿ ಕಟ್ಟಡ, Cಯಿಂದ Fವರೆಗೆ ನಾಲ್ಕು ತ್ರೈಮಾಸಿಕಗಳು, Gಯಲ್ಲಿ ವರ್ಷದ ಮೊತ್ತ. ಅಂಟಿಸಿದ ಮೇಲೆ C ಕಾಲಂನಿಂದ ಮುಂದಕ್ಕೆ, 2ನೇ ಸಾಲಿನಿಂದ 6ನೇ ಸಾಲಿನವರೆಗೆ ಅದು ಹೀಗಿದೆ. ಕೊನೆಯ ಸಾಲು ವರದಿಯೇ ಮುದ್ರಿಸಿರುವ ಒಟ್ಟು ಮೊತ್ತ.

```
310    295    340     355    1,300
120    95     140     355
210    225    190     235    860
1,180  1,240  1,2053  1,275  4,900
1,820  1,760  1,830   2,005  7,415
```

ಜಾರಿದ ಸಾಲು ಎದ್ದು ಕಾಣುವುದರಿಂದ ಅದನ್ನೇ ಮೊದಲು ಸರಿಪಡಿಸಬೇಕೆನಿಸುವುದು ಸಹಜ. ಆದರೆ ಅಂಕಿಗಳು ನಿಜವಾಗಿ ಅಂಕಿಗಳಾಗುವ ತನಕ ಯಾವ ಮೊತ್ತವನ್ನೂ ನಂಬುವಂತಿಲ್ಲ. C ಕಾಲಂನ ನಾಲ್ಕು ಸೆಲ್‌ಗಳಿಗೆ SUM ಹಾಕಿದಾಗ 1,820ರ ಬದಲು 640 ಬಂದಿತೆನ್ನಿ. ಕೊರತೆ ಸರಿಯಾಗಿ 1,180. ಅಂದರೆ ಕೊನೆಯ ಕಟ್ಟಡದ ಅಂಕಿಯನ್ನು ಸ್ಪ್ರೆಡ್‌ಶೀಟ್ ಪಠ್ಯವೆಂದು ಬಗೆದಿದೆ. ಹಾಗೆ ಬಗೆದ ಸೆಲ್‌ಗಳನ್ನು SUM ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ದೋಷದ ಸೂಚನೆಯನ್ನೂ ಕೊಡುವುದಿಲ್ಲ. COUNT ಅಂಕಿಗಳನ್ನು ಮಾತ್ರ ಎಣಿಸುತ್ತದೆ, COUNTA ತುಂಬಿದ ಎಲ್ಲ ಸೆಲ್‌ಗಳನ್ನೂ ಎಣಿಸುತ್ತದೆ. ಅಂಕಿಗಳಷ್ಟೇ ಇರಬೇಕಾದ ಜಾಗದಲ್ಲಿ ಇವೆರಡರ ನಡುವೆ ವ್ಯತ್ಯಾಸ ಬಂದರೆ ಪಠ್ಯವಾಗಿ ಕುಳಿತ ಅಂಕಿಗಳು ಅಷ್ಟಿವೆ ಎಂದರ್ಥ.

ಇದರ ಹಿಂದೆ ಬಹಳ ಸಲ ಇರುವುದು ಕಣ್ಣಿಗೆ ಕಾಣದ ಒಂದು ಅಕ್ಷರ. =UNICODE(RIGHT(C5)) ಎಂದು ಕೇಳಿದಾಗ 160 ಎಂಬ ಉತ್ತರ ಬಂದರೆ, ಅಂಕಿಯ ಕೊನೆಗೆ ಸಾಲು ಮುರಿಯಗೊಡದ ವಿಶೇಷ ಖಾಲಿಜಾಗವೊಂದು ಅಂಟಿಕೊಂಡಿದೆ. TRIM ತೆಗೆಯುವುದು 32ನೇ ಸಂಕೇತದ ಮಾಮೂಲಿ ಖಾಲಿಜಾಗವನ್ನು ಮಾತ್ರ, 160ನೆಯದನ್ನು ಅದು ಮುಟ್ಟುವುದಿಲ್ಲ. ಇದೇ ರೀತಿ, ಅಂದವಾಗಿ ಮುದ್ರಿಸಿದ ವರದಿಗಳಲ್ಲಿ ಕಳೆಯುವ ಚಿಹ್ನೆಯು ಕೀಲಿಮಣೆಯ ಅಡ್ಡಗೆರೆಯಾಗಿರದೆ 8722ನೇ ಸಂಕೇತದ ಬೇರೊಂದು ಅಕ್ಷರವಾಗಿರಬಹುದು. ಎರಡನ್ನೂ ಒಟ್ಟಿಗೆ ನಿಭಾಯಿಸುವ ಸೂತ್ರ ಇದು:

```
=IF(C5="","",NUMBERVALUE(SUBSTITUTE(SUBSTITUTE(C5,UNICHAR(160),""),UNICHAR(8722),"-"),".",","))
```

ಮೊದಲಲ್ಲಿರುವ IF ಅಲಂಕಾರಕ್ಕಲ್ಲ. ಅದಿಲ್ಲದಿದ್ದರೆ NUMBERVALUE ಖಾಲಿ ಸೆಲ್ಲಿಗೆ 0 ಎಂದು ಉತ್ತರಿಸಿ, ವರದಿಯಲ್ಲಿ ಇಲ್ಲದ ಸೊನ್ನೆಯೊಂದನ್ನು ನಾವೇ ಹುಟ್ಟಿಸಿದಂತಾಗುತ್ತದೆ.

ಆದರೆ ಈ ಸೂತ್ರವನ್ನು ಕಣ್ಣುಮುಚ್ಚಿ ಎಲ್ಲ ಕಡೆ ಎಳೆಯುವ ಮುನ್ನ E5ನ್ನು ನೋಡಬೇಕು. ಅಲ್ಲಿರುವ 1,2053ರಲ್ಲಿ ಅಲ್ಪವಿರಾಮದ ನಂತರ ನಾಲ್ಕು ಅಂಕೆಗಳಿವೆ. ಕೊನೆಯ ಅಲ್ಪವಿರಾಮದ ಬಲಕ್ಕೆ ಮೂರೇ ಅಂಕೆಗಳಿರಬೇಕು. ಲಕ್ಷದ ಲೆಕ್ಕದಲ್ಲಾಗಲಿ ಮಿಲಿಯನ್ ಲೆಕ್ಕದಲ್ಲಾಗಲಿ ಇದು ಬದಲಾಗದು. ವರದಿಯಲ್ಲಿ ಇದ್ದದ್ದು 1,205 ಮತ್ತು ಅದರ ತಲೆಯ ಮೇಲೆ ಅಡಿಟಿಪ್ಪಣಿಯನ್ನು ಸೂಚಿಸುವ ಪುಟ್ಟ 3. ಅಂಟಿಸುವಾಗ ಆ ಪುಟ್ಟತನ ಹೋಗಿ, ಟಿಪ್ಪಣಿಯ ಸಂಖ್ಯೆ ಬಳಕೆಯ ಅಂಕಿಯೊಳಗೆ ಸೇರಿಕೊಂಡಿತು. ಸೂತ್ರ ಹಾಕಿದರೆ ಅಲ್ಪವಿರಾಮ ಮಾಯವಾಗಿ 12053 ಉಳಿಯುತ್ತದೆ. ಅಂದರೆ ಬಳಕೆ ಹತ್ತು ಪಟ್ಟಾಗುತ್ತದೆ, ತಪ್ಪು ಯಾವ ಸೆಲ್‌ನಲ್ಲಿದೆಯೆಂದು ಥಟ್ಟನೆ ತೋರಿಸುತ್ತಿದ್ದ ಗುರುತೂ ಅಳಿಸಿಹೋಗುತ್ತದೆ. ಆದ್ದರಿಂದ ಅಲ್ಪವಿರಾಮಗಳನ್ನು ಕಿತ್ತುಹಾಕುವ ಮೊದಲು ಅವನ್ನು ಸಾಕ್ಷಿಗಳಾಗಿ ಬಳಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಸಾವಿರ ದಾಟಿದ ಅಂಕಿಗಳಿಗೆಲ್ಲ ಅಲ್ಪವಿರಾಮ ಹಾಕಿರುವ ವರದಿಯಲ್ಲಿ 3402 ಎಂಬ ಅಂಕಿ ಬರಿಯಾಗಿ ಕಂಡರೆ ಅದು 340 ಮತ್ತು 2ನೇ ಟಿಪ್ಪಣಿ ಇರಬಹುದೆಂದು ಪುಟಕ್ಕೆ ಮರಳಿ ನೋಡಬೇಕು.

ಈಗ E5ರಲ್ಲಿ 1205 ಇದೆ, ಎಲ್ಲವೂ ಅಂಕಿಗಳಾಗಿವೆ. ಎರಡನೆಯ ಕಟ್ಟಡದ ಸಾಲಿಗೆ ಬರೋಣ. ಅಲ್ಲಿ ಒಂದು ಅಂಕಿ ಕಡಿಮೆಯಿದೆ, ಕೊನೆಯ 355 ವರ್ಷದ ಮೊತ್ತವೆಂಬುದು 120, 95 ಮತ್ತು 140ನ್ನು ಕೂಡಿದಾಗ ತಿಳಿಯುತ್ತದೆ. ಆದರೆ ಖಾಲಿಯಿದ್ದದ್ದು ಯಾವ ತ್ರೈಮಾಸಿಕ? ಸಾಲಿನ ಮೊತ್ತ ಇದನ್ನು ಹೇಳಲಾರದು, ಏಕೆಂದರೆ ಖಾಲಿ ಸೆಲ್ ಎಲ್ಲಿದ್ದರೂ ಮೊತ್ತ 355 ಆಗಿಯೇ ಇರುತ್ತದೆ. ಉತ್ತರ ಇರುವುದು ಕಾಲಂಗಳ ಮೊತ್ತದಲ್ಲಿ. ಪ್ರತಿ ಕಾಲಂನಲ್ಲೂ ನಾವು ಕೂಡಿದ ಮೊತ್ತದಿಂದ ವರದಿ ಮುದ್ರಿಸಿದ ಮೊತ್ತವನ್ನು ಕಳೆದರೆ ಹೀಗೆ ಸಿಗುತ್ತದೆ:

```
0   95   45   215   -355
```

ಮೊದಲ ಕಾಲಂನಲ್ಲಿ ವ್ಯತ್ಯಾಸವಿಲ್ಲ, ಆದ್ದರಿಂದ 120 ತನ್ನ ಜಾಗದಲ್ಲೇ ಇದೆ. ಎರಡನೆಯದರಲ್ಲಿ 95 ಹೆಚ್ಚಾಗಿದೆ, ಅದು ಅಲ್ಲಿಗೆ ಜಾರಿಬಂದ ಅಂಕಿಯೇ. ಮೂರನೆಯದರಲ್ಲಿ 140 ಬಂದು 95 ಹೋಗಿದೆ, ವ್ಯತ್ಯಾಸ 45. ನಾಲ್ಕನೆಯದರಲ್ಲಿ 355 ಬಂದು 140 ಹೋಗಿದೆ, ವ್ಯತ್ಯಾಸ 215. ಕೊನೆಯದು 355ನ್ನು ಕಳೆದುಕೊಂಡಿದೆ. ವ್ಯತ್ಯಾಸ ಮೊದಲು ಕಾಣಿಸಿಕೊಂಡ ಕಾಲಂನಲ್ಲೇ ಖಾಲಿ ಸೆಲ್ ಇತ್ತು, ಅಂದರೆ ಎರಡನೆಯ ತ್ರೈಮಾಸಿಕದಲ್ಲಿ. 95, 140, 355 ಮೂರನ್ನೂ ಒಂದೊಂದು ಸೆಲ್ ಬಲಕ್ಕೆ ಸರಿಸಿದರೆ ಐದೂ ವ್ಯತ್ಯಾಸಗಳು ಸೊನ್ನೆಯಾಗುತ್ತವೆ. ತೆರವಾದ D3ನ್ನು ಹಾಗೆಯೇ ಖಾಲಿ ಬಿಡಬೇಕು. ಸೊನ್ನೆ ತುಂಬಿದರೆ ಆ ಕಟ್ಟಡದ ತ್ರೈಮಾಸಿಕ ಸರಾಸರಿ 118.33ರಿಂದ 88.75ಕ್ಕೆ ಕುಸಿಯುತ್ತದೆ.

ಈ ವಿಧಾನಕ್ಕೆ ಮಿತಿಗಳಿವೆ. ದಶಾಂಶಗಳನ್ನು ಸವರಿ ಮುದ್ರಿಸಿದ ವರದಿಗಳಲ್ಲಿ ಒಂದೆರಡು ಮಾನಗಳ ವ್ಯತ್ಯಾಸ ಏನೂ ಜಾರದಿದ್ದರೂ ಉಳಿಯಬಹುದು. ಹಲವು ಸಾಲುಗಳು ಜಾರಿದ್ದರೆ ಅವುಗಳ ವ್ಯತ್ಯಾಸಗಳು ಒಂದರೊಳಗೊಂದು ಬೆರೆತು ಯಾವುದು ಯಾವ ಸಾಲಿನದೆಂದು ಬಿಡಿಸುವುದು ಕಷ್ಟ. ಆಗ, ಅಥವಾ ವರದಿಯಲ್ಲಿ ಮೊತ್ತವೇ ಇಲ್ಲದಿದ್ದಾಗ, ಪಿಡಿಎಫ್‌ನಿಂದ ಪಠ್ಯವನ್ನು ಹೊರತೆಗೆಯುವ pdftotext ಎಂಬ ಕಮಾಂಡ್‌ಲೈನ್ ತಂತ್ರಾಂಶದ ಮೂಲಕ ಅಂಕಿಗಳ ಸ್ಥಾನವನ್ನೇ ಮರಳಿ ಕೇಳಬೇಕು:

```
pdftotext -layout report.pdf table.txt
```

ಈ ಆದೇಶವು ಪುಟದ ವಿನ್ಯಾಸವನ್ನು ಖಾಲಿಜಾಗಗಳ ಮೂಲಕ ಉಳಿಸಿಕೊಳ್ಳಲು ಯತ್ನಿಸುವುದರಿಂದ 120 ಮತ್ತು 95ರ ನಡುವಿನ ಬರಿದು ಜಾಗ ಕಣ್ಣಿಗೆ ಕಾಣುತ್ತದೆ. ಪುಟವು ಸ್ಕ್ಯಾನ್ ಮಾಡಿದ ಬರಿಯ ಚಿತ್ರವಾಗಿದ್ದರೆ ಇದರಿಂದ ಏನೂ ಹೊರಬರುವುದಿಲ್ಲ.

ಉಳಿದದ್ದು A ಕಾಲಂ. ಮೊದಲ ಕಟ್ಟಡ ಹಳೆಯ ಆವರಣದ್ದು, ಉಳಿದ ಮೂರು ಹೊಸ ಆವರಣದವು. ವರದಿಯಲ್ಲಿ ಆ ಮೂರು ಸಾಲುಗಳ ಸೆಲ್‌ಗಳನ್ನು ಒಂದುಗೂಡಿಸಿ 'ಹೊಸ ಆವರಣ' ಎಂದು ನಟ್ಟನಡುವೆ ಬರೆದಿದ್ದರಿಂದ, ಅಂಟಿಸಿದಾಗ ಆ ಹೆಸರು ಮಧ್ಯದ ಸಾಲಿಗೆ, ಅಂದರೆ 4ನೇ ಸಾಲಿಗೆ ಮಾತ್ರ ಬಂದಿದೆ. ಖಾಲಿ ಸೆಲ್‌ಗಳನ್ನು ಮೇಲಿನ ಹೆಸರಿನಿಂದ ತುಂಬುವ ರೂಢಿಯ ಉಪಾಯವನ್ನು ಇಲ್ಲಿ ನೇರವಾಗಿ ಬಳಸಿದರೆ 3ನೇ ಸಾಲಿಗೆ 'ಹಳೆಯ ಆವರಣ' ಎಂಬ ಹೆಸರು ಬೀಳುತ್ತದೆ. ಅಂಕಿಗಳು ಕದಲದಿರುವುದರಿಂದ ಕಾಲಂಗಳ ಮೊತ್ತ ಸರಿಯಾಗಿಯೇ ಇರುತ್ತದೆ, ಮೇಲಿನ ಪರೀಕ್ಷೆಗೆ ಈ ತಪ್ಪು ಸಿಗುವುದೇ ಇಲ್ಲ. ಆದ್ದರಿಂದ ಪಿಡಿಎಫ್ ಪುಟದಲ್ಲಿ ಗುಂಪುಗಳನ್ನು ಬೇರ್ಪಡಿಸುವ ಅಡ್ಡಗೆರೆ ಎಲ್ಲಿದೆಯೆಂದು ನೋಡಿ, ಪ್ರತಿ ಹೆಸರನ್ನೂ ಅದರ ಗುಂಪಿನ ಮೊದಲ ಸಾಲಿಗೆ ಏರಿಸಿದ ಮೇಲಷ್ಟೇ ಕೆಳಕ್ಕೆ ತುಂಬಬೇಕು. ತುಂಬಲು ಸೂತ್ರ ಬಳಸಿದ್ದರೆ ಅದನ್ನು ಬರಿಯ ಮೌಲ್ಯಗಳಾಗಿ ಮತ್ತೆ ಅಂಟಿಸಬೇಕು, ಇಲ್ಲವಾದರೆ ಮುಂದೆ ಸಾಲುಗಳನ್ನು ವಿಂಗಡಿಸಿದಾಗ ಹೆಸರುಗಳು ಅದಲುಬದಲಾಗುತ್ತವೆ. ವರದಿಯು ಆವರಣವಾರು ಉಪಮೊತ್ತವನ್ನೂ ಕೊಟ್ಟಿದ್ದರೆ SUMIF ಮೂಲಕ ತಾಳೆ ನೋಡಬಹುದು: ಹಳೆಯ ಆವರಣಕ್ಕೆ 1,300 ಬಂದರೆ ಹೆಸರುಗಳು ಸರಿಯಾಗಿವೆ, 1,655 ಬಂದರೆ ಎರಡನೆಯ ಕಟ್ಟಡದ 355 ತಪ್ಪು ಗುಂಪಿಗೆ ಸೇರಿದೆ.