ಜೇಡ ತನ್ನ ಬಲೆಗೆ ತಾನೇ ಅಂಟಿಕೊಳ್ಳುವುದಿಲ್ಲ, ಯಾಕೆ?

ಈ ಪ್ರಶ್ನೆಗೆ ಹೆಚ್ಚಿನವರು ಬರೆಯುವ ಉತ್ತರ ಒಂದೇ: ‘ಜೇಡದ ಕಾಲಿನಲ್ಲಿ ಎಣ್ಣೆ ಇರುತ್ತದೆ.’ ಪೂರ್ತಿ ತಪ್ಪಲ್ಲ, ಆದರೆ ಅಷ್ಟಕ್ಕೇ ಪೂರ್ತಿ ಅಂಕ ಸಿಗಬಾರದು. ಬಲೆಯ ಕೆಲವು ಎಳೆಗಳಿಗೆ ಮಾತ್ರ ಅಂಟಿರುತ್ತದೆ ಎಂಬಲ್ಲಿಂದಲೇ ಉತ್ತರ ಶುರುವಾಗಬೇಕು.

ಮಂಡ್ಯ, ಮೈಸೂರು ಕಡೆಯವರಿಗೆ ರೇಷ್ಮೆ ಹುಳು ಗೊತ್ತಿರುವುದರಿಂದ ಅದನ್ನೇ ಪಕ್ಕದಲ್ಲಿಟ್ಟು ನೋಡೋಣ. ಹುಳುವಿಗೆ ಒಂದೇ ಜೊತೆ ರೇಷ್ಮೆ ಗ್ರಂಥಿ. ನೂಲು ಬರುವುದು ಬಾಯಿಯ ಬಳಿಯಿಂದ. ಚಕ್ರಬಲೆ ಕಟ್ಟುವ ಹೆಣ್ಣು ಜೇಡದ ಹೊಟ್ಟೆಯಲ್ಲಿ ಏಳು ಬಗೆಯ ಗ್ರಂಥಿಗಳಿವೆ. ನೂಲು ಹೊರಬರುವುದು ಹೊಟ್ಟೆಯ ತುದಿಯ ಮೂರು ಜೊತೆ ಸ್ಪಿನ್ನರೆಟ್‌ಗಳಿಂದ. ಏಳರಲ್ಲಿ ಒಂದು ಬಗೆ ಮೊಟ್ಟೆಚೀಲಕ್ಕೆ, ಇನ್ನೊಂದು ಮುಖ್ಯವಾಗಿ ಬೇಟೆಯನ್ನು ಸುತ್ತಿಡಲು. ಉಳಿದ ಐದೂ ಬಲೆಯ ಕೆಲಸಕ್ಕೆ ಬರುತ್ತವೆ.

ಗ್ರಂಥಿಯೊಳಗೆ ಇರುವುದು ನೂಲಲ್ಲ, ಗಟ್ಟಿ ದ್ರವರೂಪದ ಪ್ರೋಟೀನ್. ಅದು ಸಣ್ಣ ನಾಳದಲ್ಲಿ ಸಾಗುವಾಗ ಆಮ್ಲೀಯತೆ ಹೆಚ್ಚುತ್ತದೆ, ಲವಣಗಳು ಬದಲಾಗುತ್ತವೆ, ನೀರು ಹೀರಿಹೋಗುತ್ತದೆ, ಜೊತೆಗೆ ಎಳೆತವೂ ಸೇರಿ ಪ್ರೋಟೀನ್ ಕಣಗಳು ಸಾಲಾಗಿ ನಿಂತು ಗಟ್ಟಿಯಾಗುತ್ತವೆ. ಜೇಡ ನೂಲನ್ನು ಪಿಚಕಾರಿಯಂತೆ ಚಿಮ್ಮಿಸುವುದಿಲ್ಲ. ತುದಿಯನ್ನು ಎಲ್ಲಾದರೂ ಅಂಟಿಸಿ ಮೈಭಾರದಿಂದಲೋ ಹಿಂಗಾಲಿನಿಂದಲೋ ಎಳೆದುಕೊಳ್ಳುತ್ತದೆ. ಈ ‘ಎಳೆಯುವುದು’ ಮುಂದೆ ಮುಖ್ಯವಾಗುತ್ತದೆ.

ಗದ್ದೆ ಬದುವಿನಲ್ಲಿ ಸಂಜೆ ಬಲೆ ಕಟ್ಟುವ ನಿಯೊಸ್ಕೋನ ಜೇಡವನ್ನು ತೆಗೆದುಕೊಳ್ಳಿ. ಮೊದಲು ಗಾಳಿಗೆ ಒಂದು ಎಳೆ ತೇಲಿಬಿಟ್ಟು ಎದುರಿನ ಗಿಡಕ್ಕೆ ಸಿಕ್ಕಿಸುತ್ತದೆ. ಅದರ ನಡುವಿನಿಂದ ಕೆಳಗಿಳಿದರೆ ವೈ ಆಕಾರ ಮೂಡುತ್ತದೆ. ಆ ಕೂಡುಜಾಗವೇ ಬಲೆಯ ನಡು. ಬಳಿಕ ಚೌಕಟ್ಟು, ಗಾಡಿಚಕ್ರದ ಅರಗಳಂತೆ ನಡುವಿನಿಂದ ಹೊರಗೆ ಎಳೆಗಳು. ಇವೆಲ್ಲ ಮೇಜರ್ ಆಂಪುಲೇಟ್ ಗ್ರಂಥಿಯ ಬಿಗಿ ನೂಲು, ಅಂಟಿಲ್ಲ. ನಂತರ ನಡುವಿನಿಂದ ಹೊರಗೆ ಅಗಲ ಅಂತರದ ಒಂದು ತಾತ್ಕಾಲಿಕ ಸುರುಳಿ; ಅದೂ ಒಣ ನೂಲೇ, ಅಟ್ಟಣಿಗೆಯ ಕೆಲಸ ಮಾಡುತ್ತದೆ.

ಕೊನೆಗೆ ಜೇಡ ದಿಕ್ಕು ಬದಲಿಸಿ ಹೊರಗಿನಿಂದ ಒಳಗೆ ಬರುತ್ತದೆ. ಒಣ ಸುರುಳಿಯ ಮೇಲೆ ಕಾಲಿಟ್ಟು, ಅಂಟು ಸುರುಳಿ ಹಾಕುತ್ತಾ, ಅಟ್ಟಣಿಗೆಯನ್ನು ಕತ್ತರಿಸುತ್ತಾ ಸಾಗುತ್ತದೆ. ಹಿಂದಿನ ಸುತ್ತನ್ನು ಕಾಲಿನಿಂದ ಮುಟ್ಟಿ ಅಂತರ ಅಳೆಯುತ್ತದೆ. ಈ ಸುರುಳಿಯ ಒಳನೂಲು ಫ್ಲಾಜೆಲಿಫಾರ್ಮ್ ಗ್ರಂಥಿಯದ್ದು. ತನ್ನ ಉದ್ದದ ಎರಡು ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ. ಅರದ ನೂಲು ಹಿಗ್ಗುವುದು ಸುಮಾರು ಮೂರನೇ ಒಂದು ಭಾಗ. ಸುರುಳಿಯೂ ಅಷ್ಟೇ ಬಿಗಿಯಾಗಿದ್ದರೆ ಹಾರಿಬಂದ ಕೀಟ ಪುಟಿದು ಆಚೆ ಹೋಗುತ್ತಿತ್ತು. ಒಳನೂಲಿನ ಮೇಲೆ ಅಗ್ರಿಗೇಟ್ ಗ್ರಂಥಿ ತೆಳುವಾಗಿ ಅಂಟು ಸವರುತ್ತದೆ. ಮೇಲ್ಮೈ ಎಳೆತದಿಂದ ಆ ಲೇಪ ತಾನಾಗಿಯೇ ಒಡೆದು ಸಾಲು ಹನಿಗಳಾಗುತ್ತದೆ.

ಸುರುಳಿಯ ಎಳೆಯನ್ನು ಎಳೆದು ಅರಕ್ಕೆ ಒತ್ತುವುದು ನಾಲ್ಕನೇ ಜೊತೆ ಕಾಲು. ಹಾಗಾಗಿ ‘ಅಂಟನ್ನು ಮುಟ್ಟುವುದೇ ಇಲ್ಲ’ ಎಂಬ ಉತ್ತರ ತಪ್ಪು. ಒಂದು ಬಲೆಗೆ ಆ ಕಾಲು ಸಾವಿರಕ್ಕೂ ಹೆಚ್ಚು ಸಲ ಅಂಟಿಗೆ ತಗಲುತ್ತದೆ. ಸಂಶೋಧಕರಾದ ಬ್ರಿಸೆನ್ಯೊ ಮತ್ತು ಎಬರ್‌ಹಾರ್ಡ್ 2012ರಲ್ಲಿ ಇದನ್ನು ಹತ್ತಿರದಿಂದ ಚಿತ್ರೀಕರಿಸಿ ಮೂರು ಕಾರಣ ಕೊಟ್ಟರು. ಒಂದು, ಕಾಲಿನ ಒತ್ತಾದ ರೋಮಗಳು: ಅಂಟು ಚರ್ಮಕ್ಕೆ ತಲುಪುವುದಿಲ್ಲ, ರೋಮದ ತುದಿಗಳಿಗಷ್ಟೇ ತಾಗಿ ಸಣ್ಣ ಹನಿಗಳಾಗಿ ಜಾರಿಹೋಗುತ್ತದೆ. ಎರಡು, ಚಲನೆ: ಜೇಡ ಕಾಲನ್ನು ರೋಮಗಳು ಬಾಗಿದ ದಿಕ್ಕಿಗೆ ಹಿಂದೆಳೆಯುತ್ತದೆ, ಕಿತ್ತುಕೊಳ್ಳುವುದಿಲ್ಲ. ಮೂರನೆಯದೇ ನಮ್ಮ ‘ಎಣ್ಣೆ’: ಕತ್ತರಿಸಿದ ಕಾಲನ್ನು ಎಣ್ಣೆ ಕರಗಿಸುವ ಹೆಕ್ಸೇನ್ ದ್ರವ ಮತ್ತು ನೀರಿನಲ್ಲಿ ತೊಳೆದಾಗ ಅಂಟು ಹೆಚ್ಚು ಹಿಡಿಯಿತು, ಅಂದರೆ ತೊಳೆದುಹೋಗುವ ಒಂದು ಲೇಪವಿದೆ. ಈ ಮೂರು ಕಾರಣಗಳೂ ಕಾಲಿಗೆ ಸಂಬಂಧಿಸಿದವು ಎಂಬುದನ್ನು ಮರೆಯಬೇಡಿ. ಗಾಳಿಗೆ ಹೊಟ್ಟೆ ಅಂಟಿಗೆ ಬಡಿದರೆ ಅಥವಾ ಬೇರೆ ಜೇಡದ ಬಲೆಗೆ ಬಿದ್ದರೆ ಇದೇ ಜೇಡ ಸಿಕ್ಕಿಬೀಳಬಹುದು.

ಕಣ್ಣಾರೆ ನೋಡಬೇಕೆಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಧನುರ್ಮಾಸದ ಬೆಳಗ್ಗೆ ಕಬ್ಬಿನ ಬದುವಿನ ಬಲೆ ಮುತ್ತು ಪೋಣಿಸಿದಂತೆ ಕಂಡಾಗ ಅದನ್ನೇ ಅಂಟು ಹನಿ ಎಂದು ಗುರುತು ಹಾಕುವವರಿದ್ದಾರೆ. ಇಬ್ಬನಿ ಅರಗಳ ಮೇಲೂ ಕೂರುತ್ತದೆ, ಗಾತ್ರದಲ್ಲಿ ಏರುಪೇರಾಗಿರುತ್ತದೆ, ಬಿಸಿಲೇರಿದರೆ ಆರುತ್ತದೆ. ಅಂಟು ಹನಿಗಳು ಬಹಳ ಚಿಕ್ಕವು, ಸಾಲು ಬಲು ಕ್ರಮಬದ್ಧ, ಸುರುಳಿಯ ಮೇಲೆ ಮಾತ್ರ; ಅವುಗಳಲ್ಲಿನ ಲವಣಗಳು ಗಾಳಿಯ ತೇವ ಹಿಡಿದಿಡುವುದರಿಂದ ಬಿಸಿಲಿಗೂ ಸುಲಭವಾಗಿ ಒಣಗುವುದಿಲ್ಲ. ಒಂದು ಹುಲ್ಲಿನ ಎಸಳಿನಿಂದ ಮೊದಲು ಅರವನ್ನು, ನಂತರ ಸುರುಳಿಯನ್ನು ಮೆಲ್ಲಗೆ ತಾಕಿಸಿ. ಅರ ಬಿಟ್ಟುಕೊಡುತ್ತದೆ, ಸುರುಳಿ ಎಸಳಿನ ಜೊತೆಗೇ ಎಳೆದು ಬರುತ್ತದೆ. ಟ್ರ್ಯಾಕ್ಟರ್ ಓಡಾಡುವ ದಾರಿಬದಿಯ ಬಲೆಯಲ್ಲಿ ಇದನ್ನು ಮಾಡಬೇಡಿ. ದೂಳು ಕೂತ ಸುರುಳಿಯೂ ಎಸಳನ್ನು ಬಿಟ್ಟುಬಿಡುತ್ತದೆ.