ಫೋರ್ಕ್ ಆದ ಮೇಲೆ ಯಾರು ಮೊದಲು?

"ಫೋರ್ಕ್ ಅಂದ್ರೆ ಚೈಲ್ಡ್ ಪ್ರೋಸೆಸ್ ಅನ್ನು ರನ್ ಮಾಡೋದು." ನಮ್ಮ ಡೊಂಬಿವಲಿಯ ಸೊಸೈಟಿಯಲ್ಲಿ ಕಂಪ್ಯೂಟರ್ ಓದುವ ಕನ್ನಡದ ಹುಡುಗ ಹುಡುಗಿಯರು ಸಾಕಷ್ಟಿದ್ದಾರೆ. ಸಬ್ಮಿಷನ್ ಹತ್ತಿರ ಬಂದಾಗ ಜರ್ನಲ್ ಹಿಡಿದುಕೊಂಡು ಮನೆಗೆ ಬರುತ್ತಾರೆ. ಎಲ್ಲರ ಜರ್ನಲ್‌ನಲ್ಲೂ ಈ ಒಂದು ವಾಕ್ಯ ಇದ್ದೇ ಇರುತ್ತದೆ. ಒಬ್ಬರು ಬರೆದದ್ದನ್ನು ಉಳಿದವರು ಇಳಿಸಿಕೊಂಡಿರುತ್ತಾರೆ, ಅದಿರಲಿ. ವೈವಾದಲ್ಲೂ ಅದನ್ನೇ ಒಪ್ಪಿಸುತ್ತಾರೆ. ಕೊನೆಗೆ ಪೇಪರ್‌ನಲ್ಲಿ "ಈ ಪ್ರೋಗ್ರಾಂನ ಔಟ್‌ಪುಟ್ ಬರೆಯಿರಿ" ಎಂದು ಬಂದಾಗ ಐದು ಮಾರ್ಕ್ಸ್ ಹೋಗುತ್ತದೆ. ಯಾಕೆ ಹೋಯಿತು ಅಂತಲೂ ಗೊತ್ತಾಗುವುದಿಲ್ಲ.

ಫೋರ್ಕ್ ಯಾರನ್ನೂ ರನ್ ಮಾಡುವುದಿಲ್ಲ. ಓಡುತ್ತಿರುವ ಪ್ರೋಸೆಸ್‌ನದೇ ಇನ್ನೊಂದು ಪ್ರತಿ ತಯಾರಿಸಿ, ಓಡಲು ಸಿದ್ಧವಾಗಿರುವವರ ಸಾಲಿನಲ್ಲಿ ಅದನ್ನೂ ಸೇರಿಸುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಚೈಲ್ಡ್‌ಗೆ `fork()` ಸೊನ್ನೆ ಕೊಡುತ್ತದೆ, ಪೇರೆಂಟ್‌ಗೆ ಚೈಲ್ಡ್‌ನ ಪಿಐಡಿ ಕೊಡುತ್ತದೆ, ಇದು ನಿಮಗೆ ಗೊತ್ತೇ ಇದೆ. ಆಮೇಲೆ ಸಿಪಿಯು ಯಾರಿಗೆ ಮೊದಲು ಸಿಗಬೇಕು ಅನ್ನೋದು ಶೆಡ್ಯೂಲರ್‌ಗೆ ಬಿಟ್ಟದ್ದು. ಹೆಸರಲ್ಲೂ ಮೊದಲು ಯಾರು ಅನ್ನುವ ಸುಳಿವಿಲ್ಲ. ಮೆಲ್ವಿನ್ ಕಾನ್ವೇ 1963ರ ಪ್ರಬಂಧದಲ್ಲಿ ಫೋರ್ಕ್ ಮತ್ತು ಜಾಯಿನ್ ಅಂತ ಜೋಡಿಯಾಗಿ ಬಳಸಿದಾಗ ಅವನ ಮನಸ್ಸಿನಲ್ಲಿದ್ದದ್ದು ಮಲ್ಟಿಪ್ರೊಸೆಸರ್. ದಾರಿ ಕವಲೊಡೆಯುತ್ತದೆ, ಎರಡೂ ಕವಲಿನಲ್ಲಿ ಕೆಲಸ ಒಟ್ಟಿಗೆ ಸಾಗುತ್ತದೆ, ಅಷ್ಟೇ.

"ಆದ್ರೆ ಅಂಕಲ್, ನನ್ನ ಲ್ಯಾಪ್‌ಟಾಪ್‌ನಲ್ಲಿ ಯಾವಾಗ್ಲೂ ಪೇರೆಂಟೇ ಮೊದಲು ಬರುತ್ತೆ!" ಈ ವಾದ ಪ್ರತಿ ಸೆಮಿಸ್ಟರ್‌ನಲ್ಲೂ ಬರುತ್ತದೆ. ಬರುತ್ತೆ ಮಾರಾಯ, ಯಾರು ಇಲ್ಲ ಅಂದ್ರು? ಪೇರೆಂಟ್ ಆಗಲೇ ಸಿಪಿಯು ಮೇಲೆ ಕೂತಿದೆ. ಚೈಲ್ಡ್‌ಗೆ ಇನ್ನೂ ಜಾಗ ಸಿಗಬೇಕು. ಹಾಗಾಗಿ ಸಾಮಾನ್ಯವಾಗಿ ಪೇರೆಂಟ್‌ನ ಸಾಲು ಮೊದಲು ಕಾಣಿಸಿಕೊಳ್ಳುತ್ತದೆ. ಆದರೆ ಸಾಮಾನ್ಯವಾಗಿ ಹಾಗಾಗುತ್ತದೆ ಅನ್ನೋದು ಬೇರೆ, ಯಾವಾಗಲೂ ಹಾಗೇ ಆಗಬೇಕು ಅನ್ನೋದು ಬೇರೆ.

ಲಿನಕ್ಸ್‌ನವರೇ ಈ ವಿಷಯದಲ್ಲಿ ಮನಸ್ಸು ಬದಲಿಸಿದ್ದಾರೆ. 2.6.32ಕ್ಕೆ ಮುಂಚಿನ ಕೆಲವು ಕರ್ನಲ್‌ಗಳಲ್ಲಿ ಚೈಲ್ಡ್ ಅನ್ನು ಮೊದಲು ಓಡಿಸುವುದೇ ರೂಢಿಯಾಗಿತ್ತು. ಚೈಲ್ಡ್ ಹುಟ್ಟಿದ ತಕ್ಷಣ `exec` ಮಾಡಿಬಿಟ್ಟರೆ ಪೇರೆಂಟ್‌ನ ಮೆಮೊರಿ ಪುಟಗಳನ್ನು ನಕಲು ಮಾಡುವ ಕೆಲಸ ತಪ್ಪುತ್ತದೆ ಅನ್ನೋದು ಲೆಕ್ಕ. 2.6.32ರಲ್ಲಿ ಪೇರೆಂಟ್ ಮೊದಲು ಅಂತ ಮಾಡಿದರು. ಅದರ ಮಾಹಿತಿ ಆಗಲೇ ಕ್ಯಾಶ್‌ನಲ್ಲಿ ಇರುತ್ತದೆ, ಅದನ್ನು ಎಬ್ಬಿಸಿ ಕಳಿಸುವುದು ಯಾಕೆ ಅನ್ನೋದು ಈ ಕಡೆಯ ಲೆಕ್ಕ. ಎರಡಕ್ಕೂ ನ್ಯಾಯವಿದೆ. ಒಂದಕ್ಕಿಂತ ಜಾಸ್ತಿ ಕೋರ್ ಇದ್ದರಂತೂ ಇಬ್ಬರೂ ಏಕಕಾಲಕ್ಕೆ ಓಡಬಹುದು. ಆಗ ಈ ರೂಢಿಗೆ ದೊಡ್ಡ ಅರ್ಥವೇ ಇಲ್ಲ. ಒಂದು ಕರ್ನಲ್ ಆವೃತ್ತಿ ಬದಲಾದರೆ ಸುಳ್ಳಾಗುವ ಉತ್ತರವನ್ನು ಪೇಪರ್‌ನಲ್ಲಿ ಬರೆಯಬಾರದು, ಅಲ್ವಾ?

ಹಾಗಾದರೆ ಏನು ಬರೆಯಬೇಕು? ಈ ಪ್ರೋಗ್ರಾಂ ನೋಡಿ. ಹೆಡರ್‌ಗಳನ್ನು ಬಿಟ್ಟಿದ್ದೇನೆ.

```c
int main(void) {
    printf("A\n");
    if (fork() == 0) {
        printf("B\n");
    } else {
        printf("C\n");
        wait(NULL);
        printf("D\n");
    }
    printf("E\n");
    return 0;
}
```

ಮೊದಲು ಟರ್ಮಿನಲ್‌ನಲ್ಲೇ ಓಡಿಸುತ್ತೇವೆ, ಫೋರ್ಕ್ ಸರಿಯಾಗಿ ಆಯಿತು ಅಂತಲೂ ಇಟ್ಟುಕೊಳ್ಳಿ. ಹಾಳೆಯ ಮೇಲೆ ಎರಡು ಕಾಲಂ ಹಾಕಿ. ಪೇರೆಂಟ್‌ನ ಕಾಲಂನಲ್ಲಿ A, C, D, E. ಚೈಲ್ಡ್‌ನ ಕಾಲಂನಲ್ಲಿ B, E. ಕೊನೆಯ E ಇಬ್ಬರಿಗೂ ಸೇರಿದ್ದು, ಅದನ್ನು ಮರೆಯುವವರೇ ಜಾಸ್ತಿ. ಒಂದೊಂದು ಕಾಲಂನ ಒಳಗೆ ಕ್ರಮ ಗಟ್ಟಿ. ಕಾಲಂನಿಂದ ಕಾಲಂಗೆ ಕ್ರಮ ಇರುವುದು ಬಾಣ ಎಳೆದಿರುವಲ್ಲಿ ಮಾತ್ರ.

ನಮ್ಮ ಲೋಕಲ್ ಟ್ರೇನ್‌ನ ಹಾಗೆ. ಸೆಂಟ್ರಲ್ ಲೈನ್‌ನಲ್ಲಿ ಡೊಂಬಿವಲಿ ಆದ ಮೇಲೆಯೇ ಠಾಣೆ, ಠಾಣೆ ಆದ ಮೇಲೆಯೇ ದಾದರ್. ವೆಸ್ಟರ್ನ್‌ನಲ್ಲಿ ಬೋರಿವಲಿ ಆದ ಮೇಲೆ ಅಂಧೇರಿ. ಆದರೆ ಠಾಣೆಗೆ ಗಾಡಿ ಬಂದದ್ದು ಮೊದಲೋ ಅಂಧೇರಿಗೆ ಬಂದದ್ದು ಮೊದಲೋ ಅಂತ ನಕ್ಷೆ ನೋಡಿ ಹೇಳಲು ಆಗುತ್ತಾ?

ಈ ಪ್ರೋಗ್ರಾಂನಲ್ಲಿ ಬಾಣ ಎರಡೇ. ಒಂದು ಫೋರ್ಕ್‌ನದು: A ಎಲ್ಲಕ್ಕಿಂತ ಮೊದಲು. ಇನ್ನೊಂದು `wait` ನದು: ಚೈಲ್ಡ್ ಪೂರ್ತಿ ಮುಗಿಯುವ ತನಕ ಪೇರೆಂಟ್ ಅಲ್ಲೇ ನಿಂತಿರುತ್ತದೆ. ಅಂದರೆ ಚೈಲ್ಡ್‌ನ E ಬಂದ ಮೇಲೆಯೇ D. "ವೇಟ್ ಇದೆಯಲ್ಲ, ಹಾಗಾಗಿ ಚೈಲ್ಡ್ ಮೊದಲು" ಅಂತ ಬರೆಯುವವರು ಇಲ್ಲೇ ಜಾರುತ್ತಾರೆ. C ಇರುವುದು `wait` ಗಿಂತ ಮೇಲೆ. ಅದಕ್ಕೆ ಯಾವ ಕಟ್ಟೂ ಇಲ್ಲ.

ಈಗ ಶುರುವಿನಲ್ಲಿ A, ಕೊನೆಯಲ್ಲಿ D E ಗಟ್ಟಿಯಾಯಿತು. ನಡುವೆ ಚೈಲ್ಡ್‌ನ B, E ಇದೇ ಕ್ರಮದಲ್ಲಿ ಬರಬೇಕು, ಪೇರೆಂಟ್‌ನ C ಎಲ್ಲಿ ಬೇಕಾದರೂ ನುಗ್ಗಬಹುದು. C ಗೆ ಜಾಗ ಮೂರು. ಹಾಗಾಗಿ ಸಾಧ್ಯವಿರುವ ಔಟ್‌ಪುಟ್‌ಗಳೂ ಮೂರೇ: A C B E D E, A B C E D E, A B E C D E. ಆಯ್ಕೆಗಳಲ್ಲಿ A B C D E E ಅಂತ ಕೊಟ್ಟಿದ್ದರೆ ನೋಡಿದ ತಕ್ಷಣ ಹೊಡೆದುಹಾಕಿ. D ಗಿಂತ ಮುಂಚೆ ಒಂದು E ಬರಲೇಬೇಕಿತ್ತು, ಅಲ್ಲಿ ಇಲ್ಲ.

`wait` ಸಾಲನ್ನು ತೆಗೆದುಬಿಟ್ಟರೆ? ಆಗ B E ಮತ್ತು C D E ಹೇಗೆ ಬೇಕಾದರೂ ಹೆಣೆದುಕೊಳ್ಳಬಹುದು. ಹೆಣೆಯುವ ದಾರಿಗಳು ಹತ್ತು. ಆದರೆ ಎರಡು E ಗಳನ್ನು ಕಣ್ಣಿನಿಂದ ಬೇರೆ ಮಾಡಲು ಆಗುವುದಿಲ್ಲವಲ್ಲ, ಹಾಗಾಗಿ ಸ್ಕ್ರೀನ್ ಮೇಲೆ ಕಾಣುವ ಬೇರೆ ಬೇರೆ ಔಟ್‌ಪುಟ್‌ಗಳು ಏಳು. ಹತ್ತು ಅಂತ ಬರೆದು ಮಾರ್ಕ್ಸ್ ಕಳೆದುಕೊಳ್ಳಬೇಡಿ, ಪ್ರಶ್ನೆ ಏನು ಕೇಳಿದೆ ಓದಿ. ಕೆಲವೊಮ್ಮೆ ಪೇರೆಂಟ್ ಮುಗಿದು ಶೆಲ್‌ನ ಪ್ರಾಂಪ್ಟ್ ಬಂದ ಮೇಲೆ ಚೈಲ್ಡ್‌ನ ಸಾಲು ಬೀಳುವುದೂ ಉಂಟು. ಶೆಲ್ ಕಾಯುವುದು ಪೇರೆಂಟ್‌ಗೆ ಮಾತ್ರ. ಪ್ರಾಂಪ್ಟ್‌ನ ಪಕ್ಕದಲ್ಲಿ ಔಟ್‌ಪುಟ್ ಅಂಟಿಕೊಂಡಿದ್ದರೆ `wait` ಎಲ್ಲೋ ಬಿಟ್ಟುಹೋಗಿದೆ ಅಂತ ತಿಳಿಯಬಹುದು. ಅದನ್ನು ಸರಿಮಾಡಲು `sleep(1)` ಹಾಕುವವರಿಗೆ ಒಂದೇ ಮಾತು: ಸ್ಲೀಪ್ ಬಾಣ ಎಳೆಯುವುದಿಲ್ಲ. ಒಂದು ಕ್ರಮ ಬರುವ ಸಾಧ್ಯತೆಯನ್ನು ಸುಮ್ನೆ ಜಾಸ್ತಿ ಮಾಡುತ್ತದೆ.

ಇಷ್ಟು ಗೊತ್ತಿದ್ದವರನ್ನೂ ಬೀಳಿಸುವ ಗುಂಡಿ ಇನ್ನೊಂದಿದೆ. ನನ್ನ ಸಿಟ್ಟೆಲ್ಲ ಇರುವುದು ಅಲ್ಲೇ, ಯಾಕೆಂದರೆ ಲ್ಯಾಬ್‌ನಲ್ಲಿ ಇದನ್ನು ಯಾರೂ ಹೇಳಿಕೊಡುವ ಹಾಗೆ ಕಾಣುವುದಿಲ್ಲ. ಇದೇ ಪ್ರೋಗ್ರಾಂ ಅನ್ನು, `wait` ಸಮೇತ, ಒಂದಕ್ಷರವೂ ಬದಲಿಸದೆ ಹೀಗೆ ಓಡಿಸಿ:

```
./a.out > out.txt
cat out.txt
```

ಆರು ಸಾಲು ಬರಬೇಕಿತ್ತು. ಏಳು ಬರುತ್ತದೆ: A B E A C D E. ಫೋರ್ಕ್‌ಗಿಂತ ಮೇಲಿರುವ A ಎರಡು ಸಲ! ಇದನ್ನು ನೋಡಿಯೇ "ಚೈಲ್ಡ್ ಮತ್ತೆ `main` ನಿಂದ ಶುರುವಾಗುತ್ತೆ" ಅನ್ನುವ ಇನ್ನೊಂದು ಸುಳ್ಳು ಹುಟ್ಟಿಕೊಂಡಿರಬೇಕು. ಚೈಲ್ಡ್ ಮುಂದುವರಿಯುವುದು `fork()` ಮರಳಿದ ಜಾಗದಿಂದಲೇ. A ಯನ್ನು ಅದು ಮತ್ತೆ `printf` ಮಾಡಲಿಲ್ಲ.

ಆದದ್ದು ಇಷ್ಟು. `printf` ಬರೆದದ್ದು ನೇರವಾಗಿ ಹೊರಗೆ ಹೋಗುವುದಿಲ್ಲ, ಪ್ರೋಸೆಸ್‌ನ ಮೆಮೊರಿಯಲ್ಲೇ ಇರುವ ಒಂದು ಬಫರ್‌ಗೆ ಹೋಗುತ್ತದೆ. ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದ್ದರೆ `\n` ಬಂದಾಗ ಬಫರ್ ಖಾಲಿಯಾಗುತ್ತದೆ. ಫೈಲ್‌ಗೋ ಪೈಪ್‌ಗೋ ಹೋಗುತ್ತಿದ್ದರೆ `\n` ಗೆ ಬೆಲೆಯಿಲ್ಲ. ಬಫರ್ ತುಂಬಬೇಕು, ಇಲ್ಲವೇ ಪ್ರೋಗ್ರಾಂ ಮುಗಿಯಬೇಕು. ಹಾಗಾಗಿ ಫೋರ್ಕ್ ಆಗುವ ಹೊತ್ತಿಗೆ A ಇನ್ನೂ ಬಫರ್‌ನಲ್ಲೇ ಕೂತಿತ್ತು. ಮೆಮೊರಿಯ ಪ್ರತಿ ಆದಾಗ ಬಫರ್‌ನದೂ ಪ್ರತಿ ಆಯಿತು. ಚೈಲ್ಡ್ ಮುಗಿಯುವಾಗ ತನ್ನ A B E ಸುರಿಯಿತು. ಪೇರೆಂಟ್ ಮುಗಿಯುವಾಗ A C D E ಸುರಿಯಿತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಟರ್ಮಿನಲ್‌ನಲ್ಲಿ ಮೂರು ಔಟ್‌ಪುಟ್ ಸಾಧ್ಯವಿತ್ತು. ಫೈಲ್‌ನಲ್ಲಿ ಸಾಧ್ಯವಿರುವುದು ಒಂದೇ. ಪೇರೆಂಟ್‌ನ C ನಿಜಕ್ಕೂ ಮೊದಲೇ `printf` ಆಗಿದ್ದರೂ ಫೈಲ್ ತಲುಪುವುದು ಪೇರೆಂಟ್ ಮುಗಿಯುವಾಗ, ಅಂದರೆ `wait` ದಾಟಿದ ಮೇಲೆ. ಚೈಲ್ಡ್ ಅಷ್ಟರಲ್ಲಿ ತನ್ನದನ್ನು ಬರೆದು ಹೋಗಿರುತ್ತದೆ. ಫೈಲ್ ತೆರೆದು ನೋಡಿ "ಚೈಲ್ಡೇ ಮೊದಲು ಓಡಿತು" ಅಂದರೆ ತಪ್ಪು. ಫೈಲ್‌ನಲ್ಲಿರುವುದು ಬಫರ್ ಖಾಲಿಯಾದ ಕ್ರಮ. ಆನ್‌ಲೈನ್ ಕಂಪೈಲರ್‌ಗಳಲ್ಲಿ ಔಟ್‌ಪುಟ್ ಪೈಪ್ ಮೂಲಕ ಬರುತ್ತಿದ್ದರೆ ಅಲ್ಲೂ ಇದೇ ಕಥೆ. ಒಬ್ಬರದು ಆರು ಸಾಲು, ಪಕ್ಕದವರದು ಏಳು ಸಾಲು ಅಂತ ಜಗಳ ಆಗುವುದು ಹೀಗೆ.

ಇದನ್ನು ತಪ್ಪಿಸಲು `fork()` ನ ಹಿಂದಿನ ಸಾಲಿನಲ್ಲಿ `fflush(stdout);` ಹಾಕಿದರೆ ಸಾಕು. ಆಗ A ಒಂದೇ ಸಲ ಬರುತ್ತದೆ. ಪೇಪರ್‌ನಲ್ಲಿ `printf("A");` ಅಂತ `\n` ಇಲ್ಲದೆ ಕೊಟ್ಟಿದ್ದರೆ ಟರ್ಮಿನಲ್‌ನಲ್ಲೂ A ಎರಡು ಸಲ ಬರುತ್ತದೆ. ಪ್ರಶ್ನೆ ತೆಗೆಯುವವರು `\n` ಬಿಟ್ಟದ್ದು ಬೇಕೆಂತಲೋ ಮರೆತೋ ಅಂತ ನೀವು ಊಹಿಸುತ್ತಾ ಕೂರಬೇಡಿ. "ಔಟ್‌ಪುಟ್ ಟರ್ಮಿನಲ್‌ಗೆ ಎಂದುಕೊಂಡರೆ" ಅಂತ ಒಂದು ಸಾಲು ಬರೆದು ಶುರುಮಾಡಿ.

ಕೊನೆಯ `return 0;` ಇದ್ದ ಜಾಗದಲ್ಲಿ `_exit(0);` ಹಾಕಿಯೂ ಕೇಳುತ್ತಾರೆ. `_exit` ಬಫರ್ ಅನ್ನು ಖಾಲಿ ಮಾಡದೆ ಎದ್ದು ಹೋಗುತ್ತದೆ. ಟರ್ಮಿನಲ್‌ನಲ್ಲಿ ಅದೇ ಆರು ಸಾಲು. `out.txt` ನಲ್ಲಿ ಏನೂ ಇರುವುದಿಲ್ಲ.