ದೀಪಾವಳಿಗೆ ಹೊಸ ಕೋಡುಬಳೆ ಪ್ಯಾಕೆಟ್ ಬಿಡಬೇಕು, ಯಾವಾಗ ಶುರು ಮಾಡೋದು?

ಪ್ರಶ್ನೆ: ನಮ್ಮದು ಸಣ್ಣ ಕುರುಕಲು ತಿಂಡಿ ಘಟಕ. ಹತ್ತು ರೂಪಾಯಿಯ ಕೋಡುಬಳೆ ಪ್ಯಾಕೆಟನ್ನು ದೀಪಾವಳಿ ಹೊತ್ತಿಗೆ ಮೂರು ಜಿಲ್ಲೆಯಲ್ಲಿ ಒಟ್ಟಿಗೆ ಬಿಡಬೇಕೆಂದಿದ್ದೇವೆ. ಡಿಸ್ಟ್ರಿಬ್ಯೂಟರುಗಳು ಸಿದ್ಧರಿದ್ದಾರೆ. ಎಷ್ಟು ದಿನ ಮುಂಚೆ ಮಾಲು ಕಳಿಸಬೇಕು?

ಉತ್ತರ: ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಇದೇ ಪ್ರಶ್ನೆ ಬರುತ್ತದೆ, ತಿಂಡಿಯ ಹೆಸರು ಮಾತ್ರ ಬೇರೆ. ದೀಪಾವಳಿಗೆ ಅಂಗಡಿಯಲ್ಲಿ ಓಡುತ್ತಿರಬೇಕಾದರೆ ಆಗಸ್ಟ್ ಕೊನೆಯೊಳಗೆ ಮೊದಲ ಪ್ಯಾಕೆಟ್ ಅಂಗಡಿಯಲ್ಲಿ ನೇತಾಡಬೇಕು, ಅದೂ ಒಂದೇ ಊರಿನಲ್ಲಿ. ಹಬ್ಬದ ಹಿಂದಿನ ಎರಡು ವಾರ ಡಿಸ್ಟ್ರಿಬ್ಯೂಟರ್ ಗಾಡಿಯಲ್ಲಿ ದೊಡ್ಡ ಕಂಪನಿಗಳ ಸ್ವೀಟ್ ಬಾಕ್ಸ್ ತುಂಬಿರುತ್ತದೆ, ಅಂಗಡಿಯವರ ಕೈಲಿದ್ದ ದುಡ್ಡೂ ಅದಕ್ಕೇ ಹೋಗಿರುತ್ತದೆ. ಆಗ ಹೊಸ ಹೆಸರಿನ ಕೋಡುಬಳೆ ತೋರಿಸಿದರೆ "ಹಬ್ಬ ಮುಗೀಲಿ ನೋಡೋಣ" ಅನ್ನುವ ಉತ್ತರವೇ ಸಿಗುವುದು.

ನಿಮ್ಮ ಪ್ರಶ್ನೆಯಲ್ಲಿ ನನಗೆ ಕಿರಿಕಿರಿ ಮಾಡಿದ್ದು ದಿನಾಂಕ ಅಲ್ಲ, "ಎಷ್ಟು ದಿನ ಮುಂಚೆ ಮಾಲು ಕಳಿಸಬೇಕು" ಅನ್ನುವ ಮಾತು. ಅಂದರೆ ಗೋಡೌನಿಗೆ ಮಾಲು ಇಳಿದ ದಿನವೇ ಲಾಂಚ್ ಆಯಿತು ಅಂತ ನೀವೂ ನಂಬಿದ್ದೀರಿ. ಇದರ ಹಿಂದೆ ಒಂದು ಹಳೇ ನಂಬಿಕೆಯಿದೆ: ಡಿಸ್ಟ್ರಿಬ್ಯೂಟರಿಗೆ ಒಳ್ಳೆ ಸ್ಕೀಮ್ ಕೊಟ್ಟು ಗೋಡೌನ್ ತುಂಬಿಸಿಬಿಡಿ, ಅವನ ದುಡ್ಡು ಸಿಕ್ಕಿಹಾಕಿಕೊಂಡರೆ ಅವನೇ ಅಂಗಡಿಗೆ ತಳ್ಳುತ್ತಾನೆ. ಎಷ್ಟು ಸಲ ಬೇಡ ಅಂದರೂ ಇದು ಸಾಯುವುದಿಲ್ಲ. ಹಾಗಾಗಿ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ತುಮಕೂರಿನ ಒಬ್ಬ ಡಿಸ್ಟ್ರಿಬ್ಯೂಟರ್ ಅಂತಿಟ್ಟುಕೊಳ್ಳಿ. ವಾರಕ್ಕೆ ಆರು ಲೈನ್, ಲೈನಿಗೆ 35 ಅಂಗಡಿ, ಒಟ್ಟು 210. ಸೇಲ್ಸ್‌ಮನ್ ಒಂದು ಅಂಗಡಿಗೆ ಬರುವುದು ವಾರಕ್ಕೆ ಒಂದೇ ಸಲ, ನಿಲ್ಲುವುದು ಐದು ನಿಮಿಷ. ಆ ಐದು ನಿಮಿಷದಲ್ಲಿ ಮೊದಲು ಓಡುವ ಬಿಸ್ಕತ್ತಿನ ಆರ್ಡರ್, ಹಳೇ ಬಿಲ್ಲಿನ ದುಡ್ಡು, ಡ್ಯಾಮೇಜ್ ಜಗಳ. ಕೊನೆಗೆ ಉಸಿರಿದ್ದರೆ ನಿಮ್ಮ ಕೋಡುಬಳೆ. ಮೊದಲ ಸುತ್ತಿನಲ್ಲಿ ಮೂರರಲ್ಲಿ ಒಂದು ಅಂಗಡಿ ಒಪ್ಪಿದರೆ ಅದೇ ಪುಣ್ಯ. 70 ಅಂಗಡಿ, ಒಂದೊಂದು ಸರ. ಸರಕ್ಕೆ 12 ಪ್ಯಾಕೆಟ್, ಬಾಕ್ಸಿಗೆ 10 ಸರ. ಅಲ್ಲಿಗೆ ಮೊದಲ ವಾರ ಹೊರಗೆ ಹೋಗಿದ್ದು ಏಳು ಬಾಕ್ಸ್.

ಎರಡನೇ ವಾರ ಅವರಲ್ಲಿ ಕೆಲವರ ಸರ ಇನ್ನೂ ಅರ್ಧ ಇರುತ್ತದೆ. ಮತ್ತೆ ತೆಗೆದುಕೊಂಡವರೂ ಹೊಸಬರೂ ಸೇರಿ 45 ಸರ ಅನ್ನಿ. ಮೂರನೇ ವಾರವೂ ಅಷ್ಟೇ, ನಾಲ್ಕನೇ ವಾರ 50. ನಾಲ್ಕು ವಾರಕ್ಕೆ 210 ಸರ, ಅಂದರೆ 21 ಬಾಕ್ಸ್. ನೀವು ಸ್ಕೀಮ್ ಆಸೆ ತೋರಿಸಿ ಇಳಿಸಿದ್ದು 60 ಬಾಕ್ಸ್! ಉಳಿದ 39 ಬಾಕ್ಸ್ ವಾರಕ್ಕೆ ಐದರಂತೆ ಖಾಲಿಯಾಗಲು ಇನ್ನೂ ಎಂಟು ವಾರ. ನಿಮ್ಮಲ್ಲಿ ಪ್ಯಾಕ್ ಆಗಿ, ಲಾರಿ ಹತ್ತಿ, ಗೋಡೌನ್ ಸೇರುವಷ್ಟರಲ್ಲಿ ಕಳೆದ ಎರಡು ವಾರವನ್ನೂ ಸೇರಿಸಿದರೆ ಹದಿನಾಲ್ಕು. ಪ್ಯಾಕೆಟ್ ಮೇಲೆ ನಾಲ್ಕು ತಿಂಗಳ ಅವಧಿ ಹಾಕಿದ್ದರೆ ಅದು ಸುಮಾರು ಹದಿನೇಳು ವಾರ. ಕೊನೆಯ ಬಾಕ್ಸ್ ಅಂಗಡಿಗೆ ಹೋಗುವಾಗ ಉಳಿದಿರುವುದು ಮೂರೇ ವಾರ. ಯಾವ ಅಂಗಡಿಯವರು ತೆಗೆದುಕೊಳ್ಳುತ್ತಾರೆ? ಸರ ಕೈಗೆ ಬಂದ ಕೂಡಲೇ ಅವರು ತಿರುಗಿಸಿ ನೋಡುವುದೇ ಡೇಟು.

"ಅವನ ದುಡ್ಡು ಸಿಕ್ಕಿಹಾಕಿಕೊಂಡಿದೆಯಲ್ಲ, ತಳ್ಳುತ್ತಾನೆ" ಅನ್ನುತ್ತೀರಿ. ಹೌದು, ತಳ್ಳುತ್ತಾನೆ, ಆದರೆ ಹೇಗೆ ಅಂತ ಲೈನಿಗೆ ಹೋಗಿ ನೋಡಿ. ಒಂದು ಸರ ಓಡುವ ಅಂಗಡಿಗೆ ಮೂರು ಸರ ಸಾಲದಲ್ಲಿ ನೇತುಹಾಕಿ ಬರುತ್ತಾರೆ. ಎರಡು ಸರ ಬಿಸಿಲಿಗೆ ಒಣಗಿ, ಎಣ್ಣೆ ಕಮಟು ಹಿಡಿದು, ಡೇಟ್ ಬಾರ್ ಆಗಿ ನಿಮಗೇ ವಾಪಸ್. ಇಲ್ಲವೇ ನೀವು ಕೊಟ್ಟ ಸ್ಕೀಮನ್ನೆಲ್ಲ ರೇಟಿನಲ್ಲಿ ಬಿಟ್ಟು, ಎಂಟು ರೂಪಾಯಿಗೆ ಹೋಗಬೇಕಾದ ಪ್ಯಾಕೆಟನ್ನು ಏಳಕ್ಕೆ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಆಮೇಲೆ ಎಂಟು ರೂಪಾಯಿ ಅಂದರೆ ಅಂಗಡಿಯವರು ಒಪ್ಪುತ್ತಾರೆಯೇ? ಸುದ್ದಿ ಪಕ್ಕದ ಊರಿಗೂ ಹೋಗಿರುತ್ತದೆ. ಇನ್ನೊಂದು ಪೆಟ್ಟು ತಕ್ಷಣ ಕಾಣುವುದಿಲ್ಲ: ಹಳೇ ಮಾಲು ಮುಗಿಯುವ ತನಕ ಅವನು ಹೊಸದನ್ನು ಇಳಿಸಿಕೊಳ್ಳುವುದಿಲ್ಲ. ಹಬ್ಬ ಮುಗಿದ ಮೇಲೆ, ನಾಲ್ಕು ಜನ ನಿಮ್ಮ ಹೆಸರು ಹೇಳಿ ಕೇಳುವ ಹೊತ್ತಿಗೆ, ಅಂಗಡಿಯಲ್ಲಿ ಸಿಗುವುದು ನಿಮ್ಮ ಅತ್ಯಂತ ಹಳೆಯ ಕೋಡುಬಳೆ.

ಆದ್ದರಿಂದ ಮೊದಲ ಲೋಡು ಹತ್ತು ಬಾಕ್ಸ್ ಸಾಕು, ಆಮೇಲೆ ಪ್ರತಿ ವಾರ ಹೋದಷ್ಟೇ ತುಂಬಿಸಿ. ಲಾರಿ ಬಾಡಿಗೆ ದುಬಾರಿಯಾಗುತ್ತದೆ ಅನ್ನುವ ಮಾತು ನಿಜ. ಅದಕ್ಕೇ ಮೊದಲ ಊರು ನಿಮ್ಮ ಸ್ವಂತ ಗಾಡಿ ಹೋಗಿ ಬರುವಷ್ಟು ಹತ್ತಿರ ಇರಲಿ, ದೊಡ್ಡ ಊರೇ ಆಗಬೇಕೆಂದಿಲ್ಲ.

ನಾಲ್ಕು ಸುತ್ತು ಮುಗಿದ ಮೇಲೆ ಡಿಸ್ಟ್ರಿಬ್ಯೂಟರ್ ಹತ್ತಿರ ಅಂಗಡಿವಾರು ಬಿಲ್ ಕೇಳಿ. ಒಟ್ಟು ಮಾರಾಟ ನೋಡಬೇಡಿ, ಅದು ಮೋಸ ಮಾಡುತ್ತದೆ. ಮೊದಲ ವಾರದ 70 ಅಂಗಡಿಯಲ್ಲಿ ಎಷ್ಟು ಜನ ಹಳೇ ಬಿಲ್ ಕೊಟ್ಟು ಮತ್ತೆ ಸರ ತೆಗೆದುಕೊಂಡರು ಅಂತ ಎಣಿಸಿ. ಅರ್ಧದಷ್ಟು ಇದ್ದರೆ ಎರಡನೇ ಜಿಲ್ಲೆಗೆ ಹೋಗಿ. ಹತ್ತು ಹದಿನೈದೇ ಇದ್ದರೆ ತಪ್ಪು ರುಚಿಯಲ್ಲೋ, ಪ್ಯಾಕೆಟಿನ ಗ್ರಾಮಿನಲ್ಲೋ ಇದೆ. ಮೂರು ಜಿಲ್ಲೆಗೆ ಒಟ್ಟಿಗೆ ಬಿಟ್ಟಿದ್ದರೆ ಅದೇ ತಪ್ಪನ್ನು ಮೂರು ಕಡೆಯಿಂದ ವಾಪಸ್ ತರಬೇಕಿತ್ತು. ಅಂಗಡಿ ಆರಿಸುವಾಗ ಕಿರಾಣಿ ಅಂಗಡಿಗಿಂತ ಟೀ ಅಂಗಡಿ, ಬಸ್‌ಸ್ಟ್ಯಾಂಡ್ ಪಕ್ಕದ ಪೆಟ್ಟಿಗೆ ಅಂಗಡಿ ಮೊದಲಿರಲಿ. ಗೋಕುಲಾಷ್ಟಮಿ ಹೊತ್ತಿಗೆ ಮನೆಯಲ್ಲೇ ಕೋಡುಬಳೆ ಕರಿಯುವ ಜನಕ್ಕೆ ಪ್ಯಾಕೆಟ್ ಬೇಕಾಗಿಲ್ಲ, ಬಸ್ಸಿಗೆ ಕಾಯುವವರಿಗೆ ಬೇಕು.

ಅಂಗಡಿಗೆ ಆಗಸ್ಟ್ ಕೊನೆ ಅಂದರೆ ಹಿಂದಕ್ಕೆ ಎಣಿಸಿ. ಪ್ರಿಂಟ್ ಆದ ರೋಲ್ ಕೈಗೆ ಬರಲು ಐದು ವಾರ ಇಟ್ಟುಕೊಳ್ಳಿ, ಹಾಗಾಗಿ ಜುಲೈ ಮಧ್ಯದೊಳಗೆ ಡಿಸೈನ್ ಮುಗಿದಿರಬೇಕು. ನಾಲ್ಕು ತಿಂಗಳ ಅವಧಿ ಹಾಕುವುದಾದರೆ ನಾಲ್ಕು ತಿಂಗಳು ಇಟ್ಟು ನೋಡಿರಬೇಕು. ಅದೇ ದಪ್ಪದ ಸಾದಾ ಮೆಟಲೈಸ್ಡ್ ಫಿಲ್ಮಿನಲ್ಲಿ ಏಪ್ರಿಲ್‌ನಲ್ಲೇ ಪ್ಯಾಕ್ ಮಾಡಿ, ಆಫೀಸಿನ ಬೀರುವಿನಲ್ಲಲ್ಲ, ಬಿಸಿಲು ಬೀಳುವ ಅಂಗಡಿಯಲ್ಲಿ ನೇತುಹಾಕಿ. ಹದಿನೈದು ದಿನಕ್ಕೊಮ್ಮೆ ಒಂದನ್ನು ಬಿಚ್ಚಿ ಮೂಸಿ, ಮುರಿದು ನೋಡಿ. ಮೆತ್ತಗಾದರೆ ಸೀಲಿನಲ್ಲಿ ಗಾಳಿ ಆಡುತ್ತಿದೆ. ಗರಿಗರಿಯಿದ್ದೂ ಕಮಟಾದರೆ ದೋಷ ಎಣ್ಣೆಯದು.

ರೋಲಿನ ಮಾತು ಬಂತು, ಹಾಗಾಗಿ ನೀವು ಕೇಳದ ಒಂದು ವಿಷಯ. ಗ್ರೇವ್ಯೂರ್ ಪ್ರಿಂಟಿಂಗಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್. ಎಣ್ಣೆ ರೇಟು ಏರಿದರೆ ಹತ್ತು ರೂಪಾಯಿ ಬದಲಿಸಲಾಗುವುದಿಲ್ಲ, ಗ್ರಾಮ್ ಇಳಿಸುತ್ತೀರಿ. ಆ ಗ್ರಾಮ್ ನಾಲ್ಕು ಬಣ್ಣದಲ್ಲಿ ಮೂಡಿದ್ದರೆ ನಾಲ್ಕು ಸಿಲಿಂಡರನ್ನೂ ಹೊಸದಾಗಿ ಮಾಡಿಸಬೇಕು. ಹಾಗಾಗಿ ನಿವ್ವಳ ತೂಕ, ವಿಳಾಸ, ಎಫ್‌ಎಸ್‌ಎಸ್‌ಎಐ ನಂಬರ್, ಪೋಷಕಾಂಶದ ಪಟ್ಟಿ ಎಲ್ಲ ಕಪ್ಪು ಬಣ್ಣದಲ್ಲೇ ಇರಲಿ ಅಂತ ಡಿಸೈನರಿಗೆ ಮೊದಲೇ ಹೇಳಿ. ಬದಲಾದರೆ ಒಂದೇ ಸಿಲಿಂಡರ್ ಹೋಗುತ್ತದೆ. ಎಂಆರ್‌ಪಿ, ಬ್ಯಾಚ್, ತಯಾರಿಕೆ ದಿನಾಂಕ, ಕೊನೆಯ ದಿನಾಂಕ, ಗ್ರಾಮಿಗೆ ಇಷ್ಟು ಅನ್ನುವ ಬೆಲೆ, ಇವಕ್ಕೆ ಬಿಳಿ ಚೌಕ ಬಿಟ್ಟು ಪ್ಯಾಕಿಂಗ್ ಹೊತ್ತಿನಲ್ಲಿ ಇಂಕ್‌ಜೆಟ್‌ನಲ್ಲಿ ಹೊಡೆಯಿರಿ. ಶಾಯಿ ಒಣಗಿದ ಮೇಲೆ ಎಣ್ಣೆ ಹಚ್ಚಿದ ಹೆಬ್ಬೆರಳಿನಿಂದ ಉಜ್ಜಿ ನೋಡಿ. ಅಳಿಸಿದರೆ ಬೇರೆ ಶಾಯಿ ಹಾಕಿಸಿ. ಡೇಟ್ ಕಾಣದ ಪ್ಯಾಕೆಟ್ಟನ್ನು ಅಂಗಡಿಯವರು ಡೇಟ್ ಬಾರ್ ಲೆಕ್ಕದಲ್ಲೇ ವಾಪಸ್ ಕೊಡುತ್ತಾರೆ.